ಕರಾವಳಿಯ ಬಾತ್‌ರೂಮಿಗೆ ವ್ಯಾನಿಟಿ: ಮರೀನ್ ಪ್ಲೈ, ಪಿವಿಸಿ, ಸಾಲಿಡ್ ಸರ್ಫೇಸ್ ಯಾವುದು ಎಲ್ಲಿಗೆ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ಒಂದು ಕಿಲೋಮೀಟರ್ ಒಳಗೇ ಇದೆ. ಬಾತ್‌ರೂಮಿನ ವಾಶ್ ಬೇಸಿನ್ ಕೆಳಗೆ ಮಾಡಿಸಿದ ಮೂರು ಅಡಿಯ ವ್ಯಾನಿಟಿ ಎರಡೇ ಮಳೆಗಾಲಕ್ಕೆ ಕೆಳಗಿನಿಂದ ಉಬ್ಬಿ ಹೋಯಿತು. ಈಗ ಹೊಸದು ಮಾಡಿಸಬೇಕು. ಆಚಾರಿ 710 ಮರೀನ್ ಪ್ಲೈ ಹಾಕಿದರೆ ಏನೂ ಆಗಲ್ಲ ಅಂತಾರೆ. ಅಂಗಡಿಯವರು ಪಿವಿಸಿ ಬೋರ್ಡೇ ಸರಿ ಅಂತಾರೆ. ಮೇಲೆ ಗ್ರಾನೈಟ್ ಬದಲು ಸಾಲಿಡ್ ಸರ್ಫೇಸ್ ಹಾಕಬಹುದಾ? ಯಾರ ಮಾತು ಕೇಳೋದು ಸರ್?

ಉತ್ತರ:

ಇಬ್ಬರ ಮಾತೂ ಅರ್ಧ ಸರಿ. ನಿಮ್ಮ ಜಾಗಕ್ಕೆ ನಾನಾದರೆ ಡಬ್ಬವನ್ನು ಪಿವಿಸಿ ಬೋರ್ಡಿನಲ್ಲಿ ಮಾಡುತ್ತೇನೆ. ಮೇಲೆ ಅಕ್ರಿಲಿಕ್ ಸಾಲಿಡ್ ಸರ್ಫೇಸ್ ಹಾಕುತ್ತೇನೆ. ಆ ಮೇಲ್ಗಲ್ಲಿನ ಭಾರವನ್ನು ಮಾತ್ರ ಡಬ್ಬದ ಮೇಲೆ ಬಿಡುವುದಿಲ್ಲ, ಗೋಡೆಗೆ ಹೊಡೆದ ಸ್ಟೀಲ್ ಬ್ರಾಕೆಟ್ ಮೇಲೆ ಹೊರಿಸುತ್ತೇನೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಬಾತ್‌ರೂಮಿನಲ್ಲಿ ಮರವನ್ನು ಹಾಳು ಮಾಡುವ ನೀರು ಎರಡು ಥರ. ಒಂದು ಕಣ್ಣಿಗೆ ಕಾಣುವ ನೀರು. ಅದು ನಲ್ಲಿಯ ಬುಡದಿಂದ, ಬೇಸಿನ್ ಅಂಚಿನಿಂದ, ಕೆಳಗಿನ ಬಾಟಲ್ ಟ್ರ್ಯಾಪ್‌ನಿಂದ ಹನಿಹನಿಯಾಗಿ ಬೀಳುತ್ತದೆ. ನೆಲ ತೊಳೆಯುವಾಗ ಎರಚುವುದೂ ಇದರಲ್ಲೇ ಸೇರಿತು. ಇನ್ನೊಂದು ಗಾಳಿಯಲ್ಲಿರುವ ನೀರು. ಮರ ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ತೇವಾಂಶ ಶೇಕಡಾ 65 ಇದ್ದಾಗ ಮರದೊಳಗೆ ಸುಮಾರು 12 ಶೇಕಡಾ ನೀರು ನಿಲ್ಲುತ್ತದೆ. ತೇವಾಂಶ 90ಕ್ಕೆ ಏರಿದರೆ ಅದು 20ರ ಹತ್ತಿರ ಹೋಗುತ್ತದೆ. ಬೂಷ್ಟು ಹಿಡಿಯಲು ಅಷ್ಟು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯಲ್ಲಿ ಗಾಳಿ ದಿನಗಟ್ಟಲೆ ಹೀಗೇ ಇರುತ್ತದೆ ಅಲ್ವಾ? ಬಾಗಿಲು ಮುಚ್ಚಿದ ವ್ಯಾನಿಟಿಯ ಒಳಗೆ ಇನ್ನೂ ಜಾಸ್ತಿ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳಿದ ಪೀಠೋಪಕರಣ ಇಲ್ಲಿ ಮೂರು ವರ್ಷಕ್ಕೆ ಸೋಲುವುದು ಇದರಿಂದಲೇ.

ಈಗ ಮರೀನ್ ಪ್ಲೈ ವಿಷಯ. ಐಎಸ್ 710 ಅನ್ನುವುದು ಮರೀನ್ ಪ್ಲೈಗೆ ಇರುವ ಭಾರತೀಯ ಮಾನಕ. ಅದರ ಪ್ರಕಾರ ಪ್ಲೈ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು, ಆಮೇಲೆ ಪದರಗಳು ಬಿಡುತ್ತವೆಯೇ ಅಂತ ನೋಡುತ್ತಾರೆ. ಇದು ಸಣ್ಣ ಪರೀಕ್ಷೆ ಅಲ್ಲ. ಆದರೆ ಇಲ್ಲಿ ಪರೀಕ್ಷೆ ಆಗುವುದು ಅಂಟು, ಅಂದರೆ ಫೀನಾಲ್ ಫಾರ್ಮಾಲ್ಡಿಹೈಡ್ ಗೋಂದು. ಅದು ನೀರಿಗೆ ಬಿಡುವುದಿಲ್ಲ. ಪದರಗಳ ನಡುವೆ ಇರುವ ಮರ ಮಾತ್ರ ಮರವೇ. ಅದು ನೀರು ಕುಡಿಯುತ್ತದೆ, ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. 'ವಾಟರ್ ಪ್ರೂಫ್' ಅನ್ನುವ ಮಾತನ್ನು ಗಿರಾಕಿ ಹಲಗೆಗೆ ಅನ್ವಯಿಸಿಕೊಳ್ಳುತ್ತಾನೆ. ಅದು ಅಂಟಿಗೆ ಹೇಳಿದ ಮಾತು.

ನನ್ನದೇ ಮನೆಯ ಉದಾಹರಣೆ ಕೊಡುತ್ತೇನೆ. ಒಳ್ಳೆಯ 710 ಪ್ಲೈ ತಂದು ನಾನೇ ನಿಂತು ವ್ಯಾನಿಟಿ ಮಾಡಿಸಿದ್ದೆ. ಒಳಗೂ ಹೊರಗೂ ಮೈಕಾ, ಎಲ್ಲ ಕಡೆ ಎಡ್ಜ್ ಬ್ಯಾಂಡ್. ನಾಲ್ಕನೇ ಮಳೆಗಾಲದಲ್ಲಿ ತಳದ ಹಲಗೆ ನಡುವೆ ಎದ್ದು ನಿಂತಿತು. ಬಿಚ್ಚಿ ನೋಡಿದರೆ ಪ್ಲೈನ ಪದರ ಒಂದೂ ಬಿಟ್ಟಿರಲಿಲ್ಲ. ಆಗಿದ್ದು ಏನು ಗೊತ್ತಾ? ಡ್ರೈನ್ ಪೈಪ್ ಹೋಗಲು ಪ್ಲಂಬರ್ ಕೊರೆದ ತೂತು. ಆಚಾರಿ ಕೆಲಸ ಮುಗಿಸಿ ಹೋದ ಮೇಲೆ ಪ್ಲಂಬರ್ ಬಂದು ಹೋಲ್ ಸಾ ಹಾಕಿದ್ದ. ತೂತಿನ ಒಳ ಅಂಚು ಹಸಿ ಮರವಾಗಿಯೇ ಉಳಿದಿತ್ತು. ಟ್ರ್ಯಾಪ್‌ನಿಂದ ಬಿದ್ದ ಹನಿ ಅಲ್ಲಿಂದ ಒಳಗೆ ಹೋಗಿತ್ತು. ಎರಡೂ ಕಡೆ ಮೈಕಾ ಇದ್ದದ್ದರಿಂದ ಹೊರಗೆ ಬರಲು ದಾರಿ ಇರಲಿಲ್ಲ. ಸುತ್ತ ಒಂದು ಅಂಗೈ ಅಗಲ ಮರ ಕಪ್ಪಾಗಿ ಮೆತ್ತಗಾಗಿತ್ತು. ಅಂಟು ತನ್ನ ಕೆಲಸ ಮಾಡಿತ್ತು. ನಾನು ಅಂಚು ಮುಚ್ಚುವುದನ್ನು ಮರೆತಿದ್ದೆ.

ಮರ ನೀರು ಎಳೆಯುವುದು ಮುಖದಿಂದ ಅಲ್ಲ, ಕಡಿದ ತುದಿಯಿಂದ. ನಾರುಗಳು ಅಲ್ಲಿ ಸ್ಟ್ರಾ ಥರ ಬಾಯಿ ತೆರೆದುಕೊಂಡಿರುತ್ತವೆ. ಅದಕ್ಕೇ ಮರೀನ್ ಪ್ಲೈ ವ್ಯಾನಿಟಿ ಕೆಡುವ ಜಾಗ ಯಾವಾಗಲೂ ಮೂರೇ: ಪೈಪಿನ ತೂತು, ಪಕ್ಕದ ಹಲಗೆಗಳ ಕೆಳತುದಿ, ಬೇಸಿನ್ ಕಟ್‌ನ ಒಳ ಅಂಚು. ಈ ಮೂರಕ್ಕೂ ಎಪಾಕ್ಸಿ ಅಥವಾ ಪಿಯು ಸೀಲರ್ ಎರಡು ಸಲ ಹಚ್ಚಿ, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು ಹಚ್ಚಿದರೆ ಪ್ಲೈ ಬಹಳ ವರ್ಷ ಬಾಳುತ್ತದೆ. ಹಾಗಂತ ಆಚಾರಿ, ಪ್ಲಂಬರ್, ಟೈಲ್ಸ್ ಕೆಲಸದವರು ಎಲ್ಲರೂ ಈ ಶಿಸ್ತು ಪಾಲಿಸುತ್ತಾರೆ ಅಂತ ನಂಬಿಕೊಂಡು ಕೂರಲು ಆಗುತ್ತಾ? ನಾಳೆ ಇನ್ನೊಬ್ಬ ಬಂದು ಟವೆಲ್ ರಾಡಿಗೆ ಒಂದು ಸ್ಕ್ರೂ ಹೊಡೆದರೂ ಅದು ನೀರಿಗೆ ಹೊಸ ಬಾಗಿಲೇ.

ಪ್ಲೈ ಪರವಾಗಿಯೂ ಹೇಳಬೇಕು. ಗಟ್ಟಿತನದಲ್ಲಿ, ಸ್ಕ್ರೂ ಹಿಡಿಯುವುದರಲ್ಲಿ ಅದಕ್ಕೆ ಪಿವಿಸಿ ಸಮ ಅಲ್ಲ. ಮೂರಡಿ ಹಲಗೆ ಭಾರ ಹೊತ್ತು ವರ್ಷಗಟ್ಟಲೆ ನೇರ ನಿಲ್ಲುತ್ತದೆ. ಐಎಸ್ 710 ಪ್ರಕಾರ ಮರಕ್ಕೆ ಹುಳ ಮತ್ತು ಬೂಷ್ಟು ತಡೆಯುವ ರಾಸಾಯನಿಕ ಕುಡಿಸಿರಬೇಕು. ಹಾಗಾಗಿ ಅಸಲಿ ಮಾಲಿಗೆ ಗೆದ್ದಲಿನ ಭಯವೂ ಕಡಿಮೆ. ಇಲ್ಲಿ 'ಅಸಲಿ' ಅನ್ನುವುದೇ ಮುಖ್ಯ. ಹಾಳೆಯ ಮೇಲೆ ಐಎಸ್‌ಐ ಗುರುತು, ಐಎಸ್ 710, ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಪರವಾನಗಿ, ಚಾಲ್ತಿಯಲ್ಲಿದೆಯೇ ಅಂತ ಗೊತ್ತಾಗುತ್ತದೆ. ಅಂಟಿನ ಗೆರೆ ಕಂದು ಬಣ್ಣ ಇದೆ ಅಂತ ಮಾತ್ರ ನಂಬಬೇಡಿ. ಅಗ್ಗದ ಅಂಟಿಗೆ ಬಣ್ಣ ಸೇರಿಸುವವರೂ ಇದ್ದಾರೆ. ಒಂದು ಕಟ್ ಪೀಸ್ ತಂದು ಮನೆಯಲ್ಲೇ ನಾಲ್ಕು ಗಂಟೆ ಕುದಿಸಿ, ಚಾಕುವಿನ ತುದಿಯಿಂದ ಪದರ ಎಬ್ಬಿಸಿ ನೋಡಿ. ಸುಲಭವಾಗಿ ಬಿಟ್ಟರೆ ಅದು ಮರೀನ್ ಅಲ್ಲ. ಬಿಡದಿದ್ದರೆ 710 ಅಂತ ಸಾಬೀತಾಗಲಿಲ್ಲ, ಕಳಪೆ ಅಂಟು ಅಲ್ಲ ಅಂತ ಮಾತ್ರ ಗೊತ್ತಾಯಿತು.

ಇನ್ನು ಪಿವಿಸಿ. ಮಾರುಕಟ್ಟೆಯಲ್ಲಿ ಇದಕ್ಕೆ ಪಿವಿಸಿ ಬೋರ್ಡ್, ಫೋಮ್ ಬೋರ್ಡ್, ಡಬ್ಲ್ಯುಪಿಸಿ ಅಂತ ಬೇರೆ ಬೇರೆ ಹೆಸರು. ಡಬ್ಲ್ಯುಪಿಸಿಯಲ್ಲಿ ಮರದ ಪುಡಿ ಸೇರಿರುತ್ತದೆ ಅಂತಾರೆ. ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುವ ಹಲಗೆಗಳಲ್ಲೂ ಮುಖ್ಯ ಸರಕು ಪಿವಿಸಿಯೇ. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಲಗೆ ಅಂದುಕೊಳ್ಳಿ. ಗುಳ್ಳೆಗಳು ಒಂದಕ್ಕೊಂದು ಸೇರಿರುವುದಿಲ್ಲ, ಹಾಗಾಗಿ ನೀರು ಒಳಗೆ ಹರಿಯುವುದಿಲ್ಲ. ಪೈಪಿಗೆ ತೂತು ಕೊರೆದರೂ ಪರವಾಗಿಲ್ಲ, ಅಂಚು ತೆರೆದಿದ್ದರೂ ಪರವಾಗಿಲ್ಲ. ಯಾರೋ ಒಬ್ಬರು ಮರೆತರೆ ಕೆಡುವ ವಸ್ತುವಲ್ಲ ಇದು. ಗೆದ್ದಲಿಗೂ ತಿನ್ನಲು ಏನೂ ಇಲ್ಲ. ನಿಮ್ಮ ಊರಿನ ಹವೆಗೆ ನಾನು ಪಿವಿಸಿ ಕಡೆ ವಾಲುವುದು ಈ ಕಾರಣಕ್ಕೆ.

ಅದರ ದೋಷಗಳು ಬೇರೆ. ಮೊದಲನೆಯದು ಸ್ಕ್ರೂ. ಫೋಮ್‌ನಲ್ಲಿ ಸ್ಕ್ರೂವಿನ ಮರೆಗಳಿಗೆ ಕಚ್ಚಿಕೊಳ್ಳಲು ಸರಕು ಕಡಿಮೆ. ಡ್ರಿಲ್ ಮಷಿನ್‌ನಿಂದ ಜೋರಾಗಿ ತಿರುಗಿಸಿದರೆ ಕೊನೆಯ ಅರ್ಧ ಸುತ್ತಿಗೆ ತೂತು ಸವೆದು ಸ್ಕ್ರೂ ಸುಮ್ನೆ ತಿರುಗುತ್ತದೆ. ಬಾಗಿಲಿನ ಹಿಂಜ್ ಬಳಿ ಹೀಗಾದರೆ ಆರು ತಿಂಗಳಿಗೆ ಬಾಗಿಲು ಜೋತು ಬೀಳುತ್ತದೆ. ಎರಡನೆಯದು ಬಗ್ಗುವುದು. ಪ್ಲೈಗೆ ಹೋಲಿಸಿದರೆ ಇದು ತುಂಬಾ ಮೆತು. ಇವತ್ತು ನೇರ ಕಂಡ ಹಲಗೆ ಅದೇ ಭಾರವನ್ನು ಹೊತ್ತು ಹೊತ್ತು ಒಂದು ವರ್ಷದಲ್ಲಿ ನಿಧಾನಕ್ಕೆ ಇಳಿಯುತ್ತದೆ. ಭಾರ ತೆಗೆದರೂ ಪೂರ್ತಿ ಮೇಲೆ ಬರುವುದಿಲ್ಲ. ಮೂರನೆಯದು ಬಿಸಿ. 70 ಡಿಗ್ರಿ ಆಸುಪಾಸಿನಲ್ಲಿ ಪಿವಿಸಿ ಮೆತ್ತಗಾಗಲು ಶುರುವಾಗುತ್ತದೆ. ಸ್ನಾನದ ಬಿಸಿನೀರಿಗೆ ಏನೂ ಆಗಲ್ಲ. ಆದರೆ ಆಗತಾನೇ ಬಳಸಿದ ಹೇರ್ ಸ್ಟ್ರೈಟ್ನರ್ ಒಳಗಿಟ್ಟರೆ ಹಲಗೆಯ ಮೇಲೆ ಅದರ ಅಚ್ಚು ಮೂಡುತ್ತದೆ. ಪಡುವಣ ಕಿಟಕಿಯ ಬಿಸಿಲು ನೇರ ಬೀಳುವ ಬಾಗಿಲಿಗೆ ಕಪ್ಪು ಮೈಕಾ ಹಾಕಿದರೆ ಅದು ಬಿಲ್ಲಿನಂತೆ ಬಾಗಬಹುದು.

ಈ ಮೂರಕ್ಕೂ ಉಪಾಯ ಇದೆ. ಹಲಗೆ ಕೊಳ್ಳುವಾಗ ದಪ್ಪದ ಜೊತೆಗೆ ಡೆನ್ಸಿಟಿ ಕೇಳಿ. 18 ಎಂಎಂ ಅಂತ ಎರಡು ಹಲಗೆ ಒಂದೇ ಥರ ಕಂಡರೂ ಒಂದು 0.45, ಇನ್ನೊಂದು 0.6 ಇರಬಹುದು. 0.6ಕ್ಕಿಂತ ಕಡಿಮೆಯದು ವ್ಯಾನಿಟಿಗೆ ಬೇಡ. ಅಂಗಡಿಯವರ ಬಾಯಿಮಾತು ಯಾಕೆ, ತೂಕ ಹಾಕಿದರೆ ಗೊತ್ತಾಗುತ್ತದೆ. ಎಂಟು ಅಡಿ ನಾಲ್ಕು ಅಡಿಯ 18 ಎಂಎಂ ಹಾಳೆ 0.6 ಡೆನ್ಸಿಟಿಯದಾದರೆ ಸುಮಾರು 32 ಕೆಜಿ ತೂಗಬೇಕು. 24 ಕೆಜಿ ಬಂದರೆ ಅದು 0.45ರ ಮಾಲು. ಮೇಲೆ ಉಗುರು ಒತ್ತಿದಾಗ ಗುರುತು ಉಳಿದರೆ ಅದನ್ನೂ ಬಿಡಿ.

ಹಿಂಜ್ ಕೂರುವ ಜಾಗದಲ್ಲಿ ಮೊದಲು ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ತೂತು ಹಾಕಬೇಕು. ಕೊನೆಯ ಬಿಗಿ ಕೈಯಲ್ಲೇ ಕೊಡಬೇಕು. ಪಕ್ಕದ ಹಲಗೆಗೆ ಕೂರುವ ಪ್ಲೇಟಿಗೆ ನಾನು ಸ್ಕ್ರೂ ಬದಲು ಆಚೆಯಿಂದ ಈಚೆಗೆ ಹೋಗುವ ಸಣ್ಣ ಬೋಲ್ಟ್ ಮತ್ತು ವಾಶರ್ ಹಾಕಿಸುತ್ತೇನೆ. ಹೊರಗಡೆ ಅದರ ತಲೆಯನ್ನು ಮೈಕಾ ಮುಚ್ಚುತ್ತದೆ. ಈಗಾಗಲೇ ತೂತು ಸವೆದಿದ್ದರೆ ಬೆಂಕಿಕಡ್ಡಿ ತುರುಕಬೇಡಿ. ತೂತನ್ನು 8 ಎಂಎಂಗೆ ದೊಡ್ಡದು ಮಾಡಿ, ಪಿವಿಸಿ ಕಡ್ಡಿಯನ್ನು ಪೈಪಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟ್‌ನಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಹೊಸದಾಗಿ ಕೊರೆಯಿರಿ.

ಮೈಕಾ ಅಂಟಿಸುವಾಗ ಆಚಾರಿಗಳು ಅಭ್ಯಾಸದ ಮೇಲೆ ಬಿಳಿ ಅಂಟನ್ನೇ ಹಚ್ಚುತ್ತಾರೆ. ಆ ಅಂಟು ಗಟ್ಟಿಯಾಗುವುದು ಅದರ ನೀರನ್ನು ಮರ ಹೀರಿಕೊಂಡಾಗ. ಪಿವಿಸಿ ಹೀರುವುದೇ ಇಲ್ಲ, ಮೈಕಾದಿಂದಲೂ ಅದು ಹೊರಗೆ ಹೋಗದು. ತಿಂಗಳಾದ ಮೇಲೂ ಒಳಗೆ ಹಸಿಯಾಗಿಯೇ ಇರುತ್ತದೆ, ಆಮೇಲೆ ಮೈಕಾ ಹಪ್ಪಳದ ಹಾಗೆ ಎದ್ದು ಬರುತ್ತದೆ. ಇದಕ್ಕೆ ರಬ್ಬರ್ ಆಧಾರದ ಕಾಂಟ್ಯಾಕ್ಟ್ ಅಂಟು ಅಥವಾ ಪಿಯು ಅಂಟೇ ಬೇಕು. ಹಲಗೆಯ ನುಣುಪು ಮೈಯನ್ನು ಮೊದಲು ಮರಳು ಕಾಗದದಿಂದ ಉಜ್ಜಿ ಒರಟು ಮಾಡಬೇಕು.

ಬೆಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ನಿಮ್ಮ ವ್ಯಾನಿಟಿ 36 ಇಂಚು ಅಗಲ, 20 ಇಂಚು ಆಳ, 22 ಇಂಚು ಎತ್ತರ ಅಂದುಕೊಳ್ಳೋಣ. ಎರಡು ಪಕ್ಕ, ಒಂದು ತಳ, ಎರಡು ಬಾಗಿಲು, ಮೇಲೆ ಮುಂದೆ ಹಿಂದೆ ನಾಲ್ಕು ಇಂಚಿನ ಎರಡು ಪಟ್ಟಿ. ಎಲ್ಲ ಸೇರಿ 19 ಚದರ ಅಡಿಗಿಂತ ಕಡಿಮೆ. ಒಂದು ಹಾಳೆ 32 ಚದರ ಅಡಿ. ಅಂದರೆ ಯಾವ ಸರಕು ಆರಿಸಿದರೂ ನೀವು ಕೊಳ್ಳುವುದು ಒಂದೇ ಹಾಳೆ. ಚದರ ಅಡಿಗೆ 30 ರೂಪಾಯಿ ಜಾಸ್ತಿ ಕೊಟ್ಟರೂ ಒಟ್ಟು ಸಾವಿರ ರೂಪಾಯಿಯೊಳಗಿನ ವ್ಯತ್ಯಾಸ. ಕೂಲಿ, ಹಿಂಜ್, ಮೇಲ್ಗಲ್ಲು ಇವುಗಳ ಖರ್ಚಿನ ಮುಂದೆ ಇದು ದೊಡ್ಡದಲ್ಲ. ಹಾಗಾಗಿ ಅಗ್ಗದ ಹಲಗೆ ತರಬೇಡಿ. ಉಳಿದ ತುಂಡಿನಲ್ಲಿ ನಡುವಿನ ನಿಲುವು ಹಲಗೆಯನ್ನೂ ಮಾಡಿಸಿಕೊಳ್ಳಿ. ಅದು ಇದ್ದರೆ ತಳ ಇಳಿಯುವ ಸಮಸ್ಯೆ ಬಹುಪಾಲು ತಪ್ಪುತ್ತದೆ.

ಎಚ್‌ಡಿಎಚ್‌ಎಂಆರ್ ಅಂತ ಒಂದು ಹಲಗೆಯನ್ನೂ ನಿಮಗೆ ಯಾರಾದರೂ ಹೇಳಬಹುದು. ಮರದ ನಾರನ್ನು ಒತ್ತಿ ಮಾಡಿದ ಗಟ್ಟಿ ಹಲಗೆ ಅದು. ಅಡುಗೆಮನೆಯ ಮೇಲಿನ ಕಪಾಟಿಗೆ ಚೆನ್ನಾಗಿದೆ. ತೇವ ತಡೆಯುತ್ತದೆ, ನಿಂತ ನೀರನ್ನು ತಡೆಯುವುದಿಲ್ಲ. ಬೇಸಿನ್ ಕೆಳಗೆ ಬೇಡ.

ಸಾಲಿಡ್ ಸರ್ಫೇಸ್‌ಗೆ ಬರೋಣ. ಇದನ್ನು ಮೊದಲು ತಯಾರಿಸಿದ್ದು ಅಮೆರಿಕದ ಡ್ಯುಪಾಂಟ್ ಕಂಪನಿ, 1960ರ ದಶಕದಲ್ಲಿ, ಕೋರಿಯನ್ ಅನ್ನುವ ಹೆಸರಿನಲ್ಲಿ. ಈಗ ನಮ್ಮಲ್ಲಿ ಯಾವ ಕಂಪನಿಯದನ್ನು ತಂದರೂ ಜನ ಕೋರಿಯನ್ ಅಂತಲೇ ಕರೆಯುತ್ತಾರೆ. ಅಕ್ರಿಲಿಕ್ ರಾಳ ಮತ್ತು ಅಲ್ಯುಮಿನಿಯಂ ಖನಿಜದ ಪುಡಿ ಸೇರಿಸಿ ಎರಕ ಹೊಯ್ದ ಹಾಳೆ ಇದು. ಗ್ರಾನೈಟ್‌ನಲ್ಲಿ ಬೇಸಿನ್ ಮತ್ತು ಕಲ್ಲು ಸೇರುವಲ್ಲಿ ಯಾವಾಗಲೂ ಒಂದು ಸಂದು ಇರುತ್ತದೆ. ಅಲ್ಲಿ ಹಾಕಿದ ಸಿಲಿಕಾನ್ ಕೆಲವು ವರ್ಷಕ್ಕೆ ಬಿಟ್ಟು, ನೀರು ಡಬ್ಬದೊಳಗೆ ಇಳಿಯುತ್ತದೆ. ಸಾಲಿಡ್ ಸರ್ಫೇಸ್‌ನಲ್ಲಿ ಅದೇ ಸರಕಿನ ಬೇಸಿನ್ನನ್ನು ಅದೇ ಬಣ್ಣದ ಅಂಟಿನಿಂದ ಸೇರಿಸಿ ಉಜ್ಜಿಬಿಟ್ಟರೆ ಸಂದು ಕಾಣುವುದೂ ಇಲ್ಲ, ಇರುವುದೂ ಇಲ್ಲ. ಹಿಂದಿನ ನಾಲ್ಕು ಇಂಚಿನ ಎತ್ತರದ ಪಟ್ಟಿಯನ್ನೂ ಹಾಗೇ ಸೇರಿಸಬಹುದು. ನನ್ನ ಪ್ರಕಾರ ಇದನ್ನು ಆರಿಸಲು ಚಂದಕ್ಕಿಂತ ದೊಡ್ಡ ಕಾರಣ ಇದು: ಕೆಳಗಿನ ಡಬ್ಬವನ್ನು ಕಾಪಾಡುವ ಚಾವಣಿ ಸೋರುವುದಿಲ್ಲ. ಸಾಮಾನ್ಯ ಸೆರಾಮಿಕ್ ಬೇಸಿನ್ನನ್ನೇ ಹಾಕುವುದಾದರೆ ಆ ಲಾಭ ಅರ್ಧಕ್ಕರ್ಧ ಹೋಯಿತು. ಆಗ ಗ್ರಾನೈಟೇ ಸಾಕು, ದುಡ್ಡೂ ಉಳಿಯುತ್ತದೆ.

ಗೀರು ಬೇಗ ಬೀಳುತ್ತದೆ, ಅದು ನಿಜ. ಆದರೆ ಬಣ್ಣ ಹಾಳೆಯ ಒಳಗೂ ಅದೇ ಇರುವುದರಿಂದ ಸ್ಕ್ರಬ್ಬರ್ ಪ್ಯಾಡ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಅದಕ್ಕೇ ಹೊಳಪಿನದ್ದು ಬೇಡ, ಮ್ಯಾಟ್ ಫಿನಿಶ್ ತಗೊಳ್ಳಿ. ಗಾಢ ಬಣ್ಣವೂ ಬೇಡ, ಗೀರು ಮತ್ತು ಸಾಬೂನಿನ ಬಿಳಿ ಕಲೆ ಎದ್ದು ಕಾಣುತ್ತವೆ. ಬಿಸಿ ಸ್ಟ್ರೈಟ್ನರ್ ಇದರ ಮೇಲೂ ಇಡಬಾರದು.

ಕಳಪೆ ಮಾಲಿನಲ್ಲಿ ಅಕ್ರಿಲಿಕ್ ಬದಲು ಪಾಲಿಯೆಸ್ಟರ್ ರಾಳ ಇರುತ್ತದೆ. ಕೆಲವು ವರ್ಷಕ್ಕೆ ಹಳದಿಯಾಗುತ್ತದೆ, ಬೇಸಿನ್ ಕಟ್‌ನ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಒಂದು ಉದ್ದನೆಯ ಕಟ್ ಪೀಸ್ ತರಿಸಿ, ಹಾಟ್ ಏರ್ ಗನ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿ ಬಗ್ಗಿಸಲು ಹೇಳಿ. ಪೂರ್ತಿ ಅಕ್ರಿಲಿಕ್ ಆದರೆ ಬಿಸಿಗೆ ಮೆದುವಾಗಿ ಬಾಗುತ್ತದೆ. ಪಾಲಿಯೆಸ್ಟರ್‌ನದ್ದು ಹಾಗೆ ಬಾಗದೆ ಮುರಿಯುತ್ತದೆ.

ಈಗ ಭಾರದ ಲೆಕ್ಕ. 12 ಎಂಎಂ ಸಾಲಿಡ್ ಸರ್ಫೇಸ್ ನಿಮ್ಮ ಅಳತೆಗೆ ಸುಮಾರು 9 ಕೆಜಿ. ಅದೇ ಅಳತೆಯ 18 ಎಂಎಂ ಗ್ರಾನೈಟ್ 22 ಕೆಜಿ. ಬೇಸಿನ್, ಅದರೊಳಗಿನ ನೀರು, ಮುಖ ತೊಳೆಯುವಾಗ ಕೈಯೂರಿ ನಿಲ್ಲುವ ಮನುಷ್ಯನ ಭಾರ ಇದಕ್ಕೆ ಸೇರುತ್ತದೆ. ಇದನ್ನೆಲ್ಲ ಪಿವಿಸಿ ಹಲಗೆಗೂ ಅದರ ಸ್ಕ್ರೂಗಳಿಗೂ ಬಿಡುವುದು ತಪ್ಪು. ಎಡಕ್ಕೊಂದು ಬಲಕ್ಕೊಂದು 304 ಸ್ಟೇನ್‌ಲೆಸ್ ಸ್ಟೀಲಿನ ಬ್ರಾಕೆಟ್ ಗೋಡೆಗೆ ಹೊಡೆಸಿ. ನಿಮ್ಮ ಗೋಡೆ ಕೆಂಪು ಮುರಕಲ್ಲಿನದ್ದಾದರೆ ಸಾಮಾನ್ಯ ಆಂಕರ್ ಬೋಲ್ಟ್ ಬಿಗಿ ಮಾಡುವಾಗ ಕಲ್ಲು ಒಳಗೆ ಪುಡಿಯಾಗುತ್ತದೆ. ತೂತಿನ ಧೂಳು ಊದಿ ತೆಗೆದು, ಕೆಮಿಕಲ್ ಆಂಕರ್ ಹಾಕಿಸಿ. ಮೇಲ್ಗಲ್ಲು ಬ್ರಾಕೆಟ್ ಮೇಲೆ ಕೂತ ಮೇಲೆ ಡಬ್ಬ ಅದರ ಕೆಳಗೆ ಸೇರುತ್ತದೆ, ಅದು ಹೊರುವುದು ತನ್ನ ಭಾರ ಮತ್ತು ಒಳಗಿನ ಸಾಮಾನನ್ನು ಮಾತ್ರ. ಹಲಗೆ ಮತ್ತು ಮೇಲ್ಗಲ್ಲಿನ ನಡುವೆ ಪೂರ್ತಿ ಅಂಟು ಬಳಿಯಬಾರದು, ಅಲ್ಲಲ್ಲಿ ಸಿಲಿಕಾನ್ ಚುಕ್ಕೆ ಸಾಕು. ಅಕ್ರಿಲಿಕ್ ಬಿಸಿಗೆ ಹಿಗ್ಗುತ್ತದೆ. ಅದಕ್ಕೇ ಗೋಡೆಯ ಬದಿಯಲ್ಲೂ ಎರಡು ಮೂರು ಎಂಎಂ ಜಾಗ ಬಿಟ್ಟು ಸಿಲಿಕಾನ್ ತುಂಬಬೇಕು. ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ, ಅದರ ಆಮ್ಲ ಲೋಹ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವ, ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕಾನ್ ಕೇಳಿ.

ಡಬ್ಬ ನೆಲದಿಂದ ಹತ್ತು ಇಂಚಾದರೂ ಮೇಲೆ ತೂಗಲಿ. ಹಿಂದೆ ಗೋಡೆಗೆ ಒತ್ತದಂತೆ ಅರ್ಧ ಇಂಚಿನ ಪಿವಿಸಿ ತುಂಡು ಕೊಟ್ಟು ಗಾಳಿಗೆ ದಾರಿ ಬಿಡಿ. ಹಿಂಜ್ ಮತ್ತು ಸ್ಕ್ರೂ ಎರಡೂ 304 ಸ್ಟೇನ್‌ಲೆಸ್ ಇರಲಿ. ಹಿಂಜ್ ಒಳ್ಳೆಯದು ತಂದು ಸ್ಕ್ರೂ ಮಾತ್ರ ಮಾಮೂಲಿ ಹಾಕುವುದನ್ನು ಬಹಳ ಕಡೆ ನೋಡಿದ್ದೇನೆ. ನಿಮ್ಮ ಉಪ್ಪು ಗಾಳಿಗೆ ಆ ಸ್ಕ್ರೂ ಒಂದೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ 304 ಅಲ್ಲ.

ಕೊನೆಗೆ, ಆಚಾರಿಯನ್ನು ಕರೆಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹಳೆಯ ವ್ಯಾನಿಟಿ ಯಾಕೆ ಉಬ್ಬಿತು ಅಂತ ಕಂಡುಹಿಡಿಯಿರಿ. ಅದನ್ನು ಖಾಲಿ ಮಾಡಿ, ಟ್ರ್ಯಾಪ್ ಮತ್ತು ಆಂಗಲ್ ಕಾಕ್ ಕೆಳಗೆ ಒಣ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒದ್ದೆ ಚುಕ್ಕೆ ಕಂಡರೆ ಅಲ್ಲಿ ಸೋರಿಕೆ ಇದೆ. ಪೇಪರ್ ಒಣಗಿಯೇ ಇದ್ದರೆ ಬೇಸಿನ್ ತುಂಬಿಸಿ ಒಮ್ಮೆಲೇ ಬಿಟ್ಟು ಮತ್ತೆ ನೋಡಿ. ಆಮೇಲೆ ಡಬ್ಬ ಕಳಚಿ, ಹಿಂದಿನ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೇ ಒಸರುತ್ತಿದೆ. ಹಾಗಿದ್ದರೆ ಮೊದಲು ಟೈಲ್ಸ್ ಸಂದು ಮತ್ತು ಗೋಡೆಯೊಳಗಿನ ಪೈಪ್ ನೋಡಿಸಿ. ಅದು ಸರಿಯಾಗುವ ತನಕ ಪಿವಿಸಿ ಹಾಳೆಯನ್ನೂ ಕೊಳ್ಳಬೇಡಿ. ಹಲಗೆ ಉಬ್ಬದಿದ್ದರೂ ಒಳಗಿಟ್ಟ ಟವೆಲ್‌ಗೆ ಬೂಷ್ಟು ಬರುವುದು ನಿಲ್ಲುವುದಿಲ್ಲ.